‘ದುಡ್ಡು ಹಾಕ್ತೀವಿ, ಮುಂದಕ್ಕೆ ಕಳಿಸಿ’ ಎಂದರೆ ಏನು ಮಾಡಬೇಕು?

ಚಿಂತಾಮಣಿ ತಾಲ್ಲೂಕಿನ ಒಬ್ಬ ಪದವಿ ವಿದ್ಯಾರ್ಥಿ ಎಂದಿಟ್ಟುಕೊಳ್ಳಿ. ಟೆಲಿಗ್ರಾಂನಲ್ಲಿ ಸಂದೇಶ ಬರುತ್ತದೆ: ‘ಬ್ರೋ, ಅಕೌಂಟ್ ಇದ್ಯಾ? ಕಂಪನಿ ಪೇಮೆಂಟ್ ಬರುತ್ತೆ, ನಾವು ಹೇಳಿದ ಕಡೆ ಕಳಿಸಿದ್ರೆ ಸಾಕು. ನೂರಕ್ಕೆ ಮೂರು ರೂಪಾಯಿ ನಿಂದು.’ ಹುಡುಗ ಅಮ್ಮನ ಖಾತೆಯ ವಿವರ ಕೊಡುತ್ತಾನೆ. ಡೇರಿ ಬಟವಾಡೆ ಬೀಳುವುದು ಅದೇ ಖಾತೆಗೆ, ಯುಪಿಐ ಇರುವುದು ಇವನ ಫೋನಿನಲ್ಲಿ. 60,000 ರೂಪಾಯಿ ಬರುತ್ತದೆ. 1,800 ಇಟ್ಟುಕೊಂಡು 58,200 ಕಳಿಸುತ್ತಾನೆ.

ಆ 60,000 ಕಂಪನಿಯದ್ದಲ್ಲ. ಬೇರೆ ರಾಜ್ಯದಲ್ಲಿ ಯಾರೋ ಮೋಸಹೋಗಿ ಕಳಿಸಿದ ದುಡ್ಡು. ಹಣ ಯಾವ ಖಾತೆಯಲ್ಲಿ ಕುಳಿತಿದೆಯೋ ಅಲ್ಲೇ ಅದನ್ನು ತಡೆಹಿಡಿಯಬಹುದು. ಅದಕ್ಕೇ ವಂಚಕರು ಅದನ್ನು ಕೂರಲು ಬಿಡುವುದಿಲ್ಲ. ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ದಾಟಿಸಿ, ಕೊನೆಗೆ ಎಟಿಎಂನಲ್ಲೋ ಕ್ರಿಪ್ಟೊದಲ್ಲೋ ತೆಗೆಯುತ್ತಾರೆ. ಹೀಗೆ ಹೊತ್ತು ದಾಟಿಸುವ ಖಾತೆಗೆ ‘ಮ್ಯೂಲ್’ ಖಾತೆ ಎನ್ನುತ್ತಾರೆ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಗ ಜಾಡಿನಲ್ಲಿ ಸಿಗುವುದು ಟೆಲಿಗ್ರಾಂನ ‘ಬ್ರೋ’ ಅಲ್ಲ, ಪಾಸ್‌ಬುಕ್ಕಿನಲ್ಲಿ ಹೆಸರಿರುವ ಅಮ್ಮ.

<b>ಕೇಳಿದಾಗಲೇ</b>

ಒಂದೇ ಪ್ರಶ್ನೆ ಹಾಕಿ: ನಿಜವಾದ ಕಂಪನಿಗೆ ಅದರದ್ದೇ ಕರೆಂಟ್ ಖಾತೆ ಇರುತ್ತದಲ್ಲ, ನನ್ನದೇಕೆ ಬೇಕು? ‘ಟ್ಯಾಕ್ಸ್ ಉಳಿಸೋಕೆ’, ‘ಲಿಮಿಟ್ ಮುಗಿದಿದೆ’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಎಟಿಎಂ ಕಾರ್ಡ್, ಸಿಮ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳಿದರೆ ನಿಮ್ಮ ಖಾತೆಯನ್ನೇ ಬಾಡಿಗೆಗೆ ಕೇಳುತ್ತಿದ್ದಾರೆ ಎಂದರ್ಥ. ಕೇಳುವವರು ಅಪರಿಚಿತರೇ ಆಗಬೇಕಿಲ್ಲ. ಕಾಲೇಜಿನ ಸೀನಿಯರ್ರೋ ದೂರದ ಸಂಬಂಧಿಯೋ ಆಗಿರಬಹುದು, ಏಕೆಂದರೆ ಖಾತೆ ಹಿಡಿದುಕೊಡುವವರಿಗೂ ಕಮಿಷನ್ ಉಂಟು.

<b>ದುಡ್ಡು ಬಂದುಬಿಟ್ಟಿದ್ದರೆ</b>

ಮುಟ್ಟಬೇಡಿ. ಮುಂದಕ್ಕೂ ಕಳಿಸಬೇಡಿ, ‘ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂದು ಅತ್ತು ಕರೆದರೂ ಕಳಿಸಬೇಡಿ. ಕನಿಕರಪಟ್ಟು ಸಿಕ್ಕಿಬೀಳುವವರೂ ಇದ್ದಾರೆ. ಅವರು ಕೊಡುವ ನಂಬರು ದುಡ್ಡು ಕಳೆದುಕೊಂಡವರದ್ದೇ ಎಂಬುದಕ್ಕೆ ಖಾತರಿ ಇಲ್ಲ. ‘ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ತಿಳಿಸುತ್ತೇನೆ’ ಎಂದಷ್ಟೇ ಹೇಳಿ. ನಂತರ ಶಾಖೆಗೆ ಹೋಗಿ ದಿನಾಂಕ, ಮೊತ್ತ, ಆ ವಹಿವಾಟನ್ನು ಗುರುತಿಸುವ ಯುಟಿಆರ್ ಸಂಖ್ಯೆ ಬರೆದು ‘ಈ ಹಣ ನನ್ನದಲ್ಲ, ಬಂದ ಖಾತೆಗೇ ಹಿಂದಿರುಗಿಸಿ’ ಎಂದು ಅರ್ಜಿ ಕೊಡಿ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ನಾಳೆ ನಿಮ್ಮ ಬಳಿ ಪುರಾವೆ ಉಳಿಯುವುದಿಲ್ಲ.

<b>ಕಳಿಸಿಯೂ ಆಗಿದ್ದರೆ</b>

ಹುಡುಗನ ಸ್ಥಿತಿ ಇದೇ. ಮೊದಲು 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ಬರೆದು, ದುಡ್ಡು ಯಾವ ಖಾತೆಗೆ ಹೋಯಿತೆಂದು ತಿಳಿಸಬೇಕು. ಬೇಗ ತಿಳಿಸಿದರೆ ಅಲ್ಲಾದರೂ ತಡೆಯಬಹುದು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬೇಕು. ಹೆದರಿ ಚಾಟ್ ಅಳಿಸುವುದು ಸಾಮಾನ್ಯ, ಅದರಂಥ ಕೆಟ್ಟ ಕೆಲಸ ಇನ್ನೊಂದಿಲ್ಲ. ಯಾರು ಏನು ಹೇಳಿ ಒಪ್ಪಿಸಿದರು ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ. ಇಟ್ಟುಕೊಂಡ 1,800 ಕೂಡ ಖರ್ಚು ಮಾಡಬಾರದು. ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ‘ಗೊತ್ತಿರಲಿಲ್ಲ’ ಎಂದವನಿಗೆ ‘ಹಾಗಾದರೆ ಕಮಿಷನ್ ಯಾಕೆ ತಗೊಂಡೆ?’ ಎಂಬ ಪ್ರಶ್ನೆ ಎದುರಾಗುತ್ತದೆ.

<b>ಖಾತೆ ಸ್ತಬ್ಧವಾದರೆ</b>

ಬ್ಯಾಂಕು ಕೆಲವೊಮ್ಮೆ ವಿವಾದದ ಮೊತ್ತವನ್ನಷ್ಟೇ ತಡೆಹಿಡಿಯುತ್ತದೆ, ಕೆಲವೊಮ್ಮೆ ಇಡೀ ಖಾತೆಯಿಂದ ಹಣ ತೆಗೆಯುವುದನ್ನೇ ನಿಲ್ಲಿಸುತ್ತದೆ. ಮೊತ್ತಕ್ಕೆ ಮಾತ್ರ ತಡೆ ಎಂದಾಗಲೂ ಅಮ್ಮನ ಕಷ್ಟ ಕಡಿಮೆಯಿಲ್ಲ. ತಡೆ 60,000ಕ್ಕೆ, ಖಾತೆಯಲ್ಲಿ ಇರುವುದು 14,000. ಉಳಿದ 46,000 ತುಂಬುವವರೆಗೆ ಬೀಳುವ ಪ್ರತಿ ಬಟವಾಡೆಯೂ ಅಲ್ಲೇ ಸಿಕ್ಕಿಕೊಳ್ಳಬಹುದು. ಮಗ ಕಳಿಸಿದ ದುಡ್ಡಿಗೆ ಎಮ್ಮೆ ಹಾಲಿನ ಲೆಕ್ಕ ಸಲ್ಲುತ್ತಾ ಹೋಗುತ್ತದೆ.

ಶಾಖೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ತಡೆ ಹಾಕಿಸಿದ್ದು ಪೊಲೀಸರು. ದೂರಿನ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತ, ಇಷ್ಟನ್ನು ಬ್ಯಾಂಕಿನಿಂದ ಬರಹದಲ್ಲಿ ಕೇಳಿ. ಆ ಠಾಣೆಯ ತನಿಖಾಧಿಕಾರಿಗೆ ಖಾತೆಯ ಸ್ಟೇಟ್‌ಮೆಂಟ್, ಚಾಟ್‌ನ ನಕಲು, ಡೇರಿ ಕಾರ್ಯದರ್ಶಿ ಕೊಟ್ಟ ಬಟವಾಡೆ ಪತ್ರ ಸೇರಿಸಿ ಕಳಿಸಿ. ವಿವಾದದ ಮೊತ್ತ ಬಿಟ್ಟು ಉಳಿದದ್ದನ್ನು ಬಿಡುವಂತೆ ಕೇಳಿಕೊಳ್ಳಿ. ಅವರು ಒಪ್ಪದಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಹೊರರಾಜ್ಯದ ಠಾಣೆಯಿಂದ ಹಾಜರಾಗಲು ನೋಟಿಸ್ ಬಂದರೆ ಕಡೆಗಣಿಸಬೇಡಿ, ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗಬಹುದು. ನೋಟಿಸ್ ಅಸಲಿಯೇ ಎಂಬುದನ್ನು ಸಿಇಎನ್ ಠಾಣೆಯಲ್ಲಿ ತೋರಿಸಿ ಖಚಿತಪಡಿಸಿಕೊಳ್ಳಿ. ‘ಹತ್ತು ಸಾವಿರ ಕೊಡಿ, ಅಕೌಂಟ್ ಓಪನ್ ಮಾಡಿಸ್ತೀನಿ’ ಎನ್ನುವವರು ಈ ಹೊತ್ತಿಗೇ ಕಾದಿರುತ್ತಾರೆ, ಅವರಿಗೆ ಒಂದು ಪೈಸೆಯೂ ಕೊಡಬೇಡಿ. ಅಷ್ಟರಲ್ಲಿ ಮನೆ ನಡೆಯಬೇಕಲ್ಲ. ಬೇರೆ ಬ್ಯಾಂಕಿನಲ್ಲಿ ಖಾತೆ ಇದ್ದರೆ, ತನಿಖಾಧಿಕಾರಿಗೂ ಬರೆದು ತಿಳಿಸಿ, ಮುಂದಿನ ಬಟವಾಡೆಯನ್ನು ಅಲ್ಲಿಗೆ ಹಾಕುವಂತೆ ಡೇರಿ ಕಾರ್ಯದರ್ಶಿಗೆ ಅರ್ಜಿ ಕೊಡಿ.