ಸೀರೆಯ ಕಥೆ ಬರೆಯುವುದು ಹೇಗೆ? ಸೆರಗಿನ ಗೆರೆಯಿಂದ ಶುರು ಮಾಡಿ

ಇಳಕಲ್ ನೇಕಾರರ ಗುಂಪೊಂದು ಆನ್‌ಲೈನ್‌ನಲ್ಲಿ ಸೀರೆ ಮಾರುತ್ತದೆ. ಅದರ ಬರವಣಿಗೆ ಕೆಲಸವನ್ನು ನಾನು ಜಯನಗರದಲ್ಲಿ ಕೂತು ನೋಡಿಕೊಳ್ಳುತ್ತೇನೆ. ಹೋದ ವರ್ಷ ಒಂದು ಸೀರೆ ವಾಪಸ್ ಬಂತು. ಜೊತೆಗೊಂದು ಚೀಟಿ: ‘ಸೆರಗು ಬೇರೆ ತಂದು ಜೋಡಿಸಿದ್ದೀರಿ. ಹಳೇ ಸೀರೆ ಅಲ್ವಾ ಇದು?’

ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮ ಪುಟದಲ್ಲಿ ಪರಂಪರೆ, ವೈಭವ ಅಂತೆಲ್ಲ ಸುಮ್ನೆ ತುಂಬಿಸಿದ್ದೆವು. ಆ ಜೋಡಣೆಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ್ದು, ಕೊಳ್ಳುವವರ ಕೈಗೆ ಸಿಗುವ ಒಂದೇ ಒಂದು ಗುರುತು ಹುಡುಕುವುದು. ಇಳಕಲ್ ಸೀರೆಯಲ್ಲಿ ಅದು ಕೊಂಡಿ. ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲಿಗೆ ಹಾಸು ಅನ್ನುತ್ತಾರೆ. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಬೇರೆ ಬೇರೆ ಸಿದ್ಧ ಮಾಡಿ, ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ.

ಆಮೇಲೆ, ಮಗ್ಗದ ಮುಂದೆ ಕೂತು ಕೇಳಿ. ‘ನಿಮ್ಮ ಕಲೆಯ ಬಗ್ಗೆ ಹೇಳಿ’ ಅಂದರೆ ಭಾಷಣ ಸಿಗುತ್ತದೆ. ‘ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ?’ ಅಂದರೆ ಕೆಲಸ ಸಿಗುತ್ತದೆ. ನಮಗೆ ಸಿಕ್ಕಿದ್ದು ಇದು: ಕೊಂಡಿ ಇಲ್ಲದ ಸೀರೆಗಾದರೆ ಆರೆಂಟು ಸೀರೆಗಾಗುವಷ್ಟು ಹಾಸು ಒಟ್ಟಿಗೇ ಹೂಡಬಹುದು. ಕೊಂಡಿ ಸೀರೆಗೆ ಪ್ರತಿ ಸಲ ಹೊಸದಾಗಿ ಹೂಡಬೇಕು. ಬೆಲೆ ಯಾಕೆ ಜಾಸ್ತಿ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ಬರೆಯಿರಿ. ನಮ್ಮದು ಹೀಗಾಯಿತು: ‘ಸೆರಗು ಶುರುವಾಗುವ ಕಡೆ ಅಡ್ಡಕ್ಕೆ ಒಂದು ಗೆರೆ ಇದೆ. ಬಟ್ಟೆ ತಿರುಗಿಸಿ ಬೆರಳಾಡಿಸಿ. ಅದು ಹೊಲಿಗೆಯಲ್ಲ. ಹತ್ತಿಯ ಎಳೆಗಳಿಗೆ ರೇಷ್ಮೆಯ ಎಳೆಗಳು ಕೊಂಡಿ ಹಾಕಿಕೊಂಡ ಜಾಗ. ಈ ಒಂದು ಸೀರೆಗಾಗಿಯೇ ಹಾಕಿದ್ದು.’ ಇಷ್ಟೇ. ಇದನ್ನು ಪುಟದಲ್ಲಿ ಗೆರೆಯ ಹತ್ತಿರದ ಫೋಟೊ ಕೆಳಗೆ ಹಾಕಿದೆವು, ಸೀರೆಯ ಜೊತೆ ಚೀಟಿಯಾಗಿಯೂ ಇಟ್ಟೆವು.

ಬರೆದ ಮೇಲೆ ಪ್ರತಿ ಸಾಲಿಗೂ ‘ಇದು ಯಾರಿಗೆ ಗೊತ್ತು?’ ಅಂತ ಕೇಳಿ. ಇಲ್ಲೇ ಎಡವುವುದು ಜಾಸ್ತಿ. ಈಗ ಎಷ್ಟೋ ಸೀರೆಗಳ ಸೆರಗಿಗೆ ಕೃತಕ ರೇಷ್ಮೆ ಹಾಕುತ್ತಾರೆ. ಕೊಂಡಿ ಇದ್ದ ಮಾತ್ರಕ್ಕೆ ಅಸಲಿ ರೇಷ್ಮೆ ಅಂತಲ್ಲ. ನೂಲಿನ ಬಿಲ್ ನೋಡಿಯೇ ‘ರೇಷ್ಮೆ’ ಅಂತ ಬರೆಯಿರಿ. ಇಲ್ಲದಿದ್ದರೆ ಕೃತಕ ಅಂತಲೇ ಬರೆದು, ಬೆಲೆ ಇಳಿಸಿ. ಬಣ್ಣದ ಮಾತಿಗೂ ಇದೇ ಲೆಕ್ಕ, ಬಣ್ಣ ಹಾಕಿದವರನ್ನು ಕೇಳದೆ ‘ನೈಸರ್ಗಿಕ’ ಅನ್ನಬೇಡಿ.

ಕೊನೆಗೆ ನೇಯ್ದ ಮನೆಗೆ ಫೋನ್ ಮಾಡಿ, ಪೂರ್ತಿ ಓದಿ ಹೇಳಿ. ಹೆಸರು ಹಾಕಲು ಒಪ್ಪಿಗೆಯನ್ನೂ ಆಗಲೇ ಕೇಳಿ. ನಾನು ಓದಿದಾಗ ಆ ಕಡೆಯಿಂದ ನೇಕಾರರು ನಕ್ಕರು: ‘ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ಕೊಂಡಿ ಹಾಕಾಕಿ ನಮ್ಮ ಮನಿಯಾಕಿ. ಬರೀ ನನ್ನ ಹೆಸರು ಯಾಕ ಬರದೀರಿ?’

ಈಗ ಚೀಟಿಯಲ್ಲಿ ಇಬ್ಬರ ಹೆಸರೂ ಇದೆ. ಕೊಂಡಿ ಹಾಕಿದವರದ್ದು ಮೊದಲು.