ಗ್ಯಾದರಿಂಗ್‌ಗೆ ಮಗಳ ತಲೆ ಬೆಳ್ಳಗೆ ಮಾಡಿದ್ದು

ಹೋದ ವರ್ಷ ಮಗಳಿಗೆ ಶಾಲೆ ಗ್ಯಾದರಿಂಗ್‌ನಲ್ಲಿ ಅಜ್ಜಿ ಪಾತ್ರ ಸಿಕ್ಕಿತ್ತು. ಮನೆಯಲ್ಲಿ ಬಿಳಿ ಪೋಸ್ಟರ್ ಕಲರ್ ಇತ್ತು, ಬುಡದಿಂದಲೇ ಬಳಿದುಬಿಟ್ಟೆ. ಒಣಗುತ್ತಲೇ ಕೂದಲು ಪೊರಕೆ ಕಡ್ಡಿಯಂತಾಯಿತು. "ಅವ್ವಾ, ತಲಿ ಉರಿಯಾಕತ್ತೈತಿ" ಅಂತ ಅಳು. ತಿಕ್ಕಿ ತಿಕ್ಕಿ ತೊಳೆದಾಗ ಬೈತಲೆಯುದ್ದಕ್ಕೂ ನೆತ್ತಿ ಕೆಂಪಗಾಗಿತ್ತು. ಡಬ್ಬಿ ಮೇಲೆ ನಾನ್‌ಟಾಕ್ಸಿಕ್ ಅಂತ ಬರೆದಿತ್ತು ನಿಜ. ಆದರೆ ಅದು ಕಾಗದಕ್ಕೆ ಮಾಡಿದ ಬಣ್ಣ, ಚರ್ಮಕ್ಕಲ್ಲ.

ಈ ವರ್ಷ ಮತ್ತೆ ಅದೇ ಪಾತ್ರ. ಧಾರವಾಡದ ಸುಭಾಸ ರೋಡಿನಲ್ಲಿ ಹುಡುಕಿ, ಮುಖಕ್ಕೆ ಹಚ್ಚುವ, ನೀರಲ್ಲಿ ಕಲಸುವ ಬಿಳಿ ಮೇಕಪ್ ಬಣ್ಣ ತಂದೆ. ಅಂಗಡಿಯವರು ಸ್ಪ್ರೇ ತೋರಿಸಿದರು, ಬೇಡ ಅಂದೆ. ಮಗು ಅದನ್ನು ಉಸಿರಲ್ಲಿ ಎಳೆದುಕೊಳ್ಳುತ್ತದೆ, ಕಣ್ಣಿಗೂ ಹೋಗುತ್ತದೆ. ಮೇಲಾಗಿ ಅದರ ಗ್ಯಾಸಿಗೆ ಬೆಂಕಿ ಬೇಗ ಹತ್ತುತ್ತದೆ, ನಾಟಕದಲ್ಲಿ ದೀಪ ಹಚ್ಚುವ ದೃಶ್ಯ ಬೇರೆ ಇತ್ತು.

ಎರಡು ದಿನ ಮೊದಲೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ಒಂದಷ್ಟು ಹೊತ್ತು ಬಿಟ್ಟು ಒರೆಸಿದೆ. ಆಮೇಲೆ 48 ತಾಸು ಆ ಜಾಗದ ಮೇಲೆ ಕಣ್ಣಿಟ್ಟೆ, ಯಾಕೆಂದರೆ ಅಲರ್ಜಿ ಕೆಲವೊಮ್ಮೆ ತಡವಾಗಿ ಏಳುತ್ತದೆ. ಕೆಂಪಾಗಿದ್ದರೆ, ತುರಿಸಿದ್ದರೆ ಬಣ್ಣ ಬಿಟ್ಟು ವಿಗ್ ತರುವವಳಿದ್ದೆ. ಬೈತಲೆ ತೆಗೆದು ತೆಗೆದು ನೆತ್ತಿಯನ್ನೂ ನೋಡಿದೆ. ಹೇನು ಕಡಿದು ಉಗುರಲ್ಲಿ ಕೆರೆದುಕೊಂಡ ಗಾಯವಿದ್ದರೆ ಎಂಥಾ ಬಣ್ಣವೂ ಉರಿಯುತ್ತದೆ.

ತಲೆಗೆ ಹಿಂದಿನ ದಿನವೇ ಎರೆದಿದ್ದೆ. ಆ ದಿನ ಎಣ್ಣೆ ಹಾಕಲಿಲ್ಲ, ಎಣ್ಣೆ ಮೇಲೆ ಈ ಬಣ್ಣ ನಿಲ್ಲುವುದಿಲ್ಲ. ಹಣೆಯಂಚಿಗೆ, ಕಿವಿ ಸುತ್ತ ಮಾತ್ರ ತೆಳ್ಳಗೆ ವ್ಯಾಸಲೀನ್. ಬಣ್ಣವನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿದೆ. ಮಜ್ಜಿಗೆಯಂತೆ ನೀರಾದರೆ ಸೀದಾ ಬುಡಕ್ಕೆ ಇಳಿಯುತ್ತದೆ. ಹೊಸ ಟೂತ್‌ಬ್ರಷ್ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಬುಡದಿಂದ ಒಂದು ಬೆರಳಗಲ ಬಿಟ್ಟು ಹೊರಕ್ಕೆ ಎಳೆದೆ. ಹಿಂದೆ ತುರುಬು, ಅದರ ಮೇಲೆ ಸೆರಗು. ಹಾಗಾಗಿ ಕಾಣುವುದು ಮುಂದಿನ ನಾಲ್ಕು ಬೆರಳು ಕೂದಲಷ್ಟೇ ಅಲ್ವಾ? ಹಣೆ ಮೇಲೆ, ಕಪಾಳದ ಪಕ್ಕ ಏಳೆಂಟು ಗೆರೆ ಎಳೆದರೆ ಸಾಕಾಯಿತು. ಹೋದ ವರ್ಷ ಸುಮ್ನೆ ಇಡೀ ತಲೆ ಬಳಿದಿದ್ದೆ!

ನಾಟಕ ಮುಗಿದಾಗ ರಾತ್ರಿ ಒಂಬತ್ತೂವರೆ. ನಿದ್ದೆಗಣ್ಣಲ್ಲಿದ್ದರೂ ಬಣ್ಣದ ತಲೆಯಲ್ಲಿ ಮಲಗಲು ಬಿಡಲಿಲ್ಲ. ನಳ ಬಂದು ನಾಲ್ಕು ದಿನವಾಗಿತ್ತು, ಇದಕ್ಕೇ ಅಂತ ಎರಡು ಕೊಡ ಎತ್ತಿಟ್ಟಿದ್ದೆ. ತಲೆ ಹಿಂದಕ್ಕೆ ಬಾಗಿಸಿ ಮೊದಲು ಬರೀ ಉಗುರುಬೆಚ್ಚಗಿನ ನೀರು ಹಾಕಿದೆ, ಹಾಲಿನಂತೆ ಇಳಿಯಿತು. ಆಮೇಲೆ ಮಗ್ಗಿನ ನೀರಲ್ಲಿ ಕದಡಿದ ಶಾಂಪೂ ಹಾಕಿ, ಉಗುರು ತಾಗಿಸದೆ ಬೆರಳ ತುದಿಯಿಂದ ತಿಕ್ಕಿದೆ. ಎರಡನೇ ಸಲಕ್ಕೆ ನೀರು ತಿಳಿಯಾಯಿತು.

ಬೆಳಿಗ್ಗೆ ನೋಡಿದರೆ ಕಿವಿಯ ಮಡಿಕೆಯಲ್ಲಿ ಚೂರು ಬಿಳಿ ಉಳಿದಿತ್ತು. ಕೊಬ್ಬರಿ ಎಣ್ಣೆ ಅದ್ದಿದ ಹತ್ತಿಯಲ್ಲಿ ಒರೆಸಿ ಶಾಲೆಗೆ ಕಳಿಸಿದೆ.