ಐವತ್ತೊಂದನೆಯ ಫೋನಿಗೆ ಜಾಗವಿಲ್ಲ: ಮತ್ತಿಕೆರೆಯ ಪಿಜಿಯಲ್ಲಿ ನನ್ನ ಅನುಭವ

ಮತ್ತಿಕೆರೆಯಲ್ಲಿ ನನ್ನ ಚಿಕ್ಕಪ್ಪ ನಡೆಸುವ ಪಿಜಿಯಲ್ಲಿ ಇಪ್ಪತ್ತೆರಡು ಹುಡುಗರಿದ್ದಾರೆ. ಅಲ್ಲಿನ ವೈಫೈ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಭಾನುವಾರ ಸಂಜೆ ಹಾಸನದಿಂದ ಹೊಸದಾಗಿ ಬಂದು ಸೇರಿದ ಹುಡುಗನೊಬ್ಬ, "ಅಂಕಲ್, ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ದೀರಾ?" ಎಂದು ಕೇಳಿದ. ಪಾಸ್‌ವರ್ಡ್ ಬದಲಾಗಿರಲಿಲ್ಲ. ಪಕ್ಕದ ಹಾಸಿಗೆಯವನ ಫೋನಿನಲ್ಲಿ ಕ್ರಿಕೆಟ್ ಯಾವ ಅಡ್ಡಿಯೂ ಇಲ್ಲದೆ ಓಡುತ್ತಿತ್ತು. ಚಿಕ್ಕಪ್ಪ ಎಂದಿನಂತೆ ರೌಟರ್ ಆಫ್ ಮಾಡಿ ಆನ್ ಮಾಡಲು ಹೊರಟಾಗ ನಾನು ತಡೆದೆ. ಹಾಗೆ ಮಾಡಿದರೆ ಆ ಹೊತ್ತಿಗೆ ಸರಿಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು, ಆದರೆ ಕಾರಣದ ಗುರುತೂ ಅದರೊಂದಿಗೆ ಅಳಿಸಿಹೋಗುತ್ತದೆ.

ಹುಡುಗನ ಫೋನು ಪಾಸ್‌ವರ್ಡ್ ಒಪ್ಪಿಕೊಂಡು, ಐಪಿ ವಿಳಾಸ ಪಡೆಯುವ ಹಂತದಲ್ಲಿ ನಿಮಿಷಗಟ್ಟಲೆ ಸುತ್ತಿ, ಕೊನೆಗೆ ಕೈಬಿಡುತ್ತಿತ್ತು. ಅವನ ಲ್ಯಾಪ್‌ಟಾಪಿನಲ್ಲಿ `ipconfig` ಕೊಟ್ಟಾಗ ಹೀಗೆ ಕಂಡಿತು:

```
Autoconfiguration IPv4 Address: 169.254.87.14
```

169.254ರಿಂದ ಆರಂಭವಾಗುವ ವಿಳಾಸವನ್ನು ರೌಟರ್ ಕೊಟ್ಟಿರುವುದಿಲ್ಲ. ಕೇಳಿದರೂ ಯಾರೂ ಕೊಡದಿದ್ದಾಗ ಯಂತ್ರವು ತಾನೇ ಹಚ್ಚಿಕೊಳ್ಳುವ ವಿಳಾಸ ಅದು. ಅಂದರೆ ವೈಫೈ ಒಳಗೆ ಬಿಟ್ಟಿದೆ, ವಿಳಾಸ ಹಂಚುವ ಡಿಎಚ್‌ಸಿಪಿ ಮಾತ್ರ ಬರಿಗೈಯಲ್ಲಿ ಕುಳಿತಿದೆ.

ರೌಟರಿನ ಪುಟ ತೆರೆದು ನೋಡಿದೆ. ಹಂಚುವ ವಿಳಾಸಗಳು 192.168.1.100ರಿಂದ 192.168.1.149ರವರೆಗೆ, ಅಂದರೆ ಸರಿಯಾಗಿ ಐವತ್ತು. ವಿಳಾಸ ಪಡೆದವರ ಪಟ್ಟಿಯಲ್ಲೂ ಐವತ್ತು ಸಾಲುಗಳಿದ್ದವು. ಆದರೆ ಆ ಗಳಿಗೆಯಲ್ಲಿ ವೈಫೈಗೆ ಅಂಟಿಕೊಂಡಿದ್ದವು ಇಪ್ಪತ್ತೊಂಬತ್ತು, ಕೇಬಲ್ಲಿನಲ್ಲಿದ್ದ ಕ್ಯಾಮೆರಾಗಳು ನಾಲ್ಕು. ಉಳಿದ ಹದಿನೇಳು ಮನೆಯಲ್ಲೇ ಇರಲಿಲ್ಲ. ಶನಿವಾರ ರಾತ್ರಿ ಯಾವುದೋ ಪರೀಕ್ಷೆ ಬರೆಯಲು ಬಂದ ಗೆಳೆಯರು ಹುಡುಗರ ಕೋಣೆಗಳಲ್ಲಿ ತಂಗಿ, ಭಾನುವಾರ ಮಧ್ಯಾಹ್ನ ಊರಿಗೆ ಹೊರಟಿದ್ದರು. ಒಮ್ಮೆ ಕೊಟ್ಟ ವಿಳಾಸ ಒಂದು ಯಂತ್ರಕ್ಕೆ ಮೀಸಲಾಗಿರುವ ಅವಧಿ, `Lease Time`, 86400 ಸೆಕೆಂಡು, ಅಂದರೆ ಒಂದು ದಿನ. ಕೋಣೆ ಖಾಲಿ ಮಾಡಿದವನು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತಿದಂತೆ, ಆ ಫೋನುಗಳು ಹೋದ ಮೇಲೂ ಅವುಗಳ ವಿಳಾಸ ಸೋಮವಾರದವರೆಗೆ ಮೀಸಲಾಗಿತ್ತು. ಹಳಬರ ಯಂತ್ರಗಳು ಅರ್ಧ ಅವಧಿ ಕಳೆಯುತ್ತಲೇ ತಮ್ಮ ವಿಳಾಸವನ್ನು ನವೀಕರಿಸಿಕೊಳ್ಳುವುದರಿಂದ ಅವರಿಗೆ ತೊಂದರೆಯೇ ತಿಳಿಯುವುದಿಲ್ಲ, ಪೆಟ್ಟು ಬೀಳುವುದು ಹೊಸಬನಿಗೆ ಮಾತ್ರ.

ನಾಲ್ಕು ಕ್ಯಾಮೆರಾಗಳಿಗೆ 192.168.1.10ರಿಂದ 13ರವರೆಗಿನ ವಿಳಾಸಗಳನ್ನು ಖಾಯಂ ಮಾಡಿ, ಹಂಚುವ ವ್ಯಾಪ್ತಿಯನ್ನು 192.168.1.20ರಿಂದ 240ರವರೆಗೆ ವಿಸ್ತರಿಸಿದೆ. ಒಟ್ಟು 221 ವಿಳಾಸಗಳಾದವು. ಅವಧಿಯನ್ನು 7200 ಸೆಕೆಂಡಿಗೆ, ಅಂದರೆ ಎರಡು ಗಂಟೆಗೆ ಇಳಿಸಿದೆ. ಮನೆಯವರಷ್ಟೇ ಇರುವ ಮನೆಯಲ್ಲಿ ಅವಧಿ ಇಳಿಸುವ ಅಗತ್ಯ ನನಗೆ ಕಾಣದು, ಬಂದುಹೋಗುವವರು ಹೆಚ್ಚಿರುವ ಪಿಜಿಗೆ ಅದು ಬೇಕು. ಹಾಸನದ ಹುಡುಗನ ಫೋನಿಗೆ ತಕ್ಷಣ ವಿಳಾಸ ಸಿಕ್ಕಿತು.

ಮೂರು ವಾರಗಳ ನಂತರ ರಾತ್ರಿ ಒಂಬತ್ತೂವರೆಗೆ ಮತ್ತೆ ಅದೇ ದೂರು ಬಂತು. ಈ ಸಲ ಲಕ್ಷಣ ಬೇರೆಯಾಗಿತ್ತು. ಫೋನು ವಿಳಾಸ ಕೇಳುವ ಹಂತವನ್ನೇ ಮುಟ್ಟದೆ, ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಬಾಗಿಲಿನಿಂದಲೇ ಮರಳುತ್ತಿತ್ತು. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದಾಗ ಎರಡೇ ಸೆಕೆಂಡಿನಲ್ಲಿ ವಿಳಾಸ ಬಂತು, ಹಾಗಾಗಿ ವಿಳಾಸಗಳ ಕೊರತೆಯಲ್ಲ ಎಂಬುದು ಖಚಿತವಾಯಿತು. ವೈಫೈ ಪುಟದಲ್ಲಿ ಗರಿಷ್ಠ ಸಂಖ್ಯೆ 32 ಎಂದಿತ್ತು, ಪಟ್ಟಿಯಲ್ಲಿ ಎಣಿಸಿದರೆ ಮೂವತ್ತೆರಡೇ ಯಂತ್ರಗಳಿದ್ದವು. 2.4 ಗಿಗಾಹರ್ಟ್ಸ್ ಮಾತ್ರ ಇರುವ ಆ ಹಳೆಯ ಪೆಟ್ಟಿಗೆಯಲ್ಲಿ ಆ ಸಂಖ್ಯೆಯನ್ನು ಏರಿಸಲು ಬರುತ್ತಿರಲಿಲ್ಲ. ಬಂದಿದ್ದರೂ ನಾನು ಏರಿಸುತ್ತಿರಲಿಲ್ಲ, ಏಕೆಂದರೆ ಒಂದೇ ಚಾನೆಲ್ಲಿನಲ್ಲಿ ಎಲ್ಲರೂ ಸರದಿಯ ಮೇಲೆ ಮಾತನಾಡಬೇಕಾದ್ದರಿಂದ ಸಂಖ್ಯೆ ಬೆಳೆದಷ್ಟೂ ಪ್ರತಿಯೊಬ್ಬರ ವೇಗ ಕುಗ್ಗುತ್ತದೆ.

ಎಸ್‌.ಪಿ. ರಸ್ತೆಯಿಂದ ಇನ್ನೊಂದು ರೌಟರ್ ತಂದು ಮೊದಲ ಮಹಡಿಗೆ ಕೇಬಲ್ ಎಳೆದೆ. ಅವಸರದಲ್ಲಿ ಒಂದು ತಪ್ಪು ಮಾಡಿದೆ: ಹೊಸ ಪೆಟ್ಟಿಗೆಯ ಡಿಎಚ್‌ಸಿಪಿಯನ್ನು ಮುಚ್ಚದೆಯೇ ಅದರ ಲ್ಯಾನ್ ಕಿಂಡಿಗೆ ಕೇಬಲ್ ಸಿಕ್ಕಿಸಿದೆ. ಅರ್ಧ ಗಂಟೆಯೊಳಗೆ ಕೆಳಮಹಡಿಯವರಿಗೂ 192.168.0ರ ವಿಳಾಸಗಳು ಬಂದು, ಸಂಪರ್ಕವಿದ್ದೂ ಇಂಟರ್ನೆಟ್ ಇಲ್ಲದ ಸ್ಥಿತಿಯಾಯಿತು. ಅಂಥವರ ಕೋರಿಕೆಗಳು ಹೊರದಾರಿಯೇ ಇಲ್ಲದ ಹೊಸ ಪೆಟ್ಟಿಗೆಗೆ ಹೋಗಿ ನಿಲ್ಲುತ್ತಿದ್ದವು. ಅದರ ಡಿಎಚ್‌ಸಿಪಿ ಮುಚ್ಚಿ, ಅದಕ್ಕೆ 192.168.1.2 ಎಂಬ ವಿಳಾಸ ಕೊಟ್ಟು, ಕೆಳಗಿನದನ್ನು ಚಾನೆಲ್ 1ರಲ್ಲೂ ಮೇಲಿನದನ್ನು 11ರಲ್ಲೂ ಇಟ್ಟ ಮೇಲೆ, ಎಲ್ಲರಿಗೂ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿದೆ.

ಈಗ ತಿಂಗಳ ಮೊದಲ ತಾರೀಖು, ಹೊಸಬರು ಸೇರುವ ದಿನ, ಎರಡೂ ಪಟ್ಟಿಗಳನ್ನು ಎಣಿಸುತ್ತೇನೆ. ಕಳೆದ ಸಲ ರಾತ್ರಿ ಹತ್ತಕ್ಕೆ ಕೆಳಗೆ ಇಪ್ಪತ್ತಮೂರು, ಮೇಲೆ ಹತ್ತೊಂಬತ್ತು ಯಂತ್ರಗಳಿದ್ದವು. "ಭಾನುವಾರ ಎಂಟು ಗಂಟೆಗೆ ರೌಟರ್ ಆಫ್" ಎಂದು ಚಿಕ್ಕಪ್ಪ ಸ್ವಿಚ್‌ಬೋರ್ಡಿನ ಮೇಲೆ ಅಂಟಿಸಿದ್ದ ಚೀಟಿ ಇನ್ನೂ ಅಲ್ಲೇ ಇದೆ.